ಮೊಟ್ಟೆಗೊಂದು ಲೆಕ್ಕ, ಸೌಟಿಗೊಂದು ಲೆಕ್ಕ: ಮೊಟ್ಟೆ ಕರಿಯ ಕ್ಯಾಲೊರಿ

ಆಹಾರದ ಲೆಕ್ಕ ಬರೆದಿಡುವ ಅಭ್ಯಾಸವಿರುವವರು ಮೊಟ್ಟೆ ಕರಿಯ ವಿಷಯದಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಒಂದು ಬಟ್ಟಲಿಗೆ ಎಷ್ಟು ಕ್ಯಾಲೊರಿ?" ಈ ಪ್ರಶ್ನೆಗೆ ಒಂದೆಡೆ ನೂರಿಪ್ಪತ್ತು, ಇನ್ನೊಂದೆಡೆ ಮುನ್ನೂರು ಎಂಬ ಉತ್ತರಗಳು ಸಿಗುತ್ತವೆ, ಮತ್ತು ಎರಡೂ ತಮ್ಮ ತಮ್ಮ ಬಟ್ಟಲಿನ ಮಟ್ಟಿಗೆ ಸರಿಯಾಗಿಯೇ ಇರಬಹುದು. ತೊಂದರೆ ಇರುವುದು ಬಟ್ಟಲನ್ನು ಅಳತೆಯಾಗಿ ಹಿಡಿದದ್ದರಲ್ಲಿ. ಬೇಯಿಸಿ ಸುಲಿದ ಮೊಟ್ಟೆಯನ್ನು ಈರುಳ್ಳಿ, ಟೊಮೆಟೊ ಗ್ರೇವಿಯಲ್ಲಿ ಹಾಕಿದಾಗ ಒಂದೇ ಪಾತ್ರೆಯಲ್ಲಿ ಎರಡು ಬೇರೆ ಬೇರೆ ಸ್ವಭಾವದ ಪದಾರ್ಥಗಳು ಕೂಡುತ್ತವೆ. ಮೊಟ್ಟೆಯ ಕ್ಯಾಲೊರಿ ಯಾರ ಮನೆಯಲ್ಲಿಯೂ ಹೆಚ್ಚು ಬದಲಾಗುವುದಿಲ್ಲ. ಗ್ರೇವಿಯ ಕ್ಯಾಲೊರಿ ಮಾತ್ರ ಅಡುಗೆ ಮಾಡುವವರ ಕೈಯ ಮೇಲೆ, ಒಲೆಯ ಉರಿಯ ಮೇಲೆ, ಕೊನೆಗೆ ಸೌಟು ಮುಳುಗಿಸಿದ ಆಳದ ಮೇಲೂ ನಿಂತಿರುತ್ತದೆ. ಆದ್ದರಿಂದ ಇವೆರಡನ್ನೂ ಬೇರೆ ಬೇರೆಯಾಗಿಯೇ ಎಣಿಸಬೇಕೆಂಬುದು ನನ್ನ ವಾದ. ಅದನ್ನು ಒಂದು ಪಾತ್ರೆಯ ಅಡುಗೆಯನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ತೋರಿಸುತ್ತೇನೆ. ನಾನು ಕ್ಯಾಲೊರಿ ಎನ್ನುವಾಗಲೆಲ್ಲ ಪೊಟ್ಟಣಗಳ ಮೇಲೆ ಕಿಲೋಕ್ಯಾಲೊರಿ ಎಂದು ಅಚ್ಚಾಗಿರುವ ಅಳತೆಯನ್ನೇ ಹೇಳುತ್ತಿದ್ದೇನೆ ಎಂದು ತಿಳಿಯಿರಿ.

ಮೊದಲು ಮೊಟ್ಟೆಯನ್ನು ತೆಗೆದುಕೊಳ್ಳೋಣ. ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ ನೂರು ಗ್ರಾಂ ಹಸಿ ಮೊಟ್ಟೆಗೆ ಸುಮಾರು 143 ಕ್ಯಾಲೊರಿ ಎಂದೂ ನೂರು ಗ್ರಾಂ ಗಟ್ಟಿಯಾಗಿ ಬೆಂದ ಮೊಟ್ಟೆಗೆ 155 ಎಂದೂ ಕಾಣುತ್ತದೆ. ಇದನ್ನು ನೋಡಿ, ಬೇಯಿಸಿದರೆ ಮೊಟ್ಟೆಯ ಕ್ಯಾಲೊರಿ ಏರುತ್ತದೆಯೇ ಎಂದು ಕೆಲವರು ಗಾಬರಿಯಾಗುತ್ತಾರೆ. ನೀರಿನಲ್ಲಿ ಬೇಯುವ ಮೊಟ್ಟೆಗೆ ಹೊಸದಾಗಿ ಶಕ್ತಿ ಬಂದು ಸೇರುವ ದಾರಿಯೇ ಇಲ್ಲ. ಎರಡು ಅಂಕಿಗಳು ಬೇರೆ ಬೇರೆ ಮಾದರಿಗಳ ಅಳತೆಗಳಾಗಿದ್ದು, ಬೇರೆ ಬೇರೆ ಮೊಟ್ಟೆಗಳಲ್ಲಿ ಹಳದಿಯ ಪಾಲು ಮತ್ತು ನೀರಿನ ಅಂಶ ತುಸು ಹೆಚ್ಚು ಕಡಿಮೆ ಇರುವುದು ಸಹಜ. ಮನೆಯ ಲೆಕ್ಕಕ್ಕೆ ಎರಡರ ನಡುವಿನ ದಾರಿ ಹಿಡಿದು, ಸುಲಿದ ಮೊಟ್ಟೆಯ ಪ್ರತಿ ಗ್ರಾಂಗೆ ಒಂದೂವರೆ ಕ್ಯಾಲೊರಿ ಎಂದು ಇಟ್ಟುಕೊಂಡರೆ ಸಾಕು. ಸುಲಿದ ಮೇಲೆ ಐವತ್ತು ಗ್ರಾಂ ತೂಗುವ ಮೊಟ್ಟೆಗೆ 75 ಕ್ಯಾಲೊರಿ ಆಯಿತು. ನಲವತ್ತೆರಡು ಗ್ರಾಂ ತೂಗುವ ಸಣ್ಣ ಮೊಟ್ಟೆಯಾದರೆ 63, ಅರವತ್ತು ಗ್ರಾಂನ ದೊಡ್ಡದಾದರೆ 90. ಸಿಪ್ಪೆಯೊಂದಿಗೆ ತೂಗಿದವರು ಆ ತೂಕದಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನು ಕಳೆಯಬೇಕು, ಏಕೆಂದರೆ ಅಷ್ಟು ಸಿಪ್ಪೆಯ ಪಾಲು.

ಈ ಎಪ್ಪತ್ತೈದು ಕ್ಯಾಲೊರಿ ಮೊಟ್ಟೆಯೊಳಗೆ ಸಮನಾಗಿ ಹರಡಿಕೊಂಡಿಲ್ಲ. ಬಿಳಿ ಭಾಗ ತೂಕದಲ್ಲಿ ಹಳದಿಯ ಸುಮಾರು ಎರಡರಷ್ಟಿದ್ದರೂ ಅದರಲ್ಲಿರುವುದು ಬಹುಪಾಲು ನೀರು ಮತ್ತು ಪ್ರೋಟೀನ್, ಹಾಗಾಗಿ ಅದರ ಪಾಲಿಗೆ ಹದಿನೇಳು ಹದಿನೆಂಟು ಕ್ಯಾಲೊರಿ ಬಂದರೆ ಹೆಚ್ಚು. ಉಳಿದ ಮುಕ್ಕಾಲು ಭಾಗ ಹಳದಿಯದು, ಏಕೆಂದರೆ ಮೊಟ್ಟೆಯ ಕೊಬ್ಬೆಲ್ಲ ಅಲ್ಲೇ ಇದೆ. ಇದನ್ನು ಈಗಲೇ ಹೇಳಿದ್ದಕ್ಕೆ ಕಾರಣವಿದೆ, ಕರಿಯಲ್ಲಿ ಮೊಟ್ಟೆ ಒಡೆದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಇನ್ನು ಗ್ರೇವಿಗೆ ಬರೋಣ. ಆರು ಮೊಟ್ಟೆಗಳಿಗೆ ಆಗುವಷ್ಟು ಗ್ರೇವಿ ಮಾಡುತ್ತಿದ್ದೇವೆ ಎಂದುಕೊಳ್ಳಿ. ಸಿಪ್ಪೆ ತೆಗೆದ ಈರುಳ್ಳಿ 300 ಗ್ರಾಂ, ಟೊಮೆಟೊ 300 ಗ್ರಾಂ, ಎಣ್ಣೆ ಮೂರು ದೊಡ್ಡ ಅಳತೆಯ ಚಮಚ, ಶುಂಠಿ ಬೆಳ್ಳುಳ್ಳಿ ಅರೆದದ್ದು 20 ಗ್ರಾಂ, ಖಾರದ ಪುಡಿ, ಕೊತ್ತಂಬರಿ ಪುಡಿ, ಅರಿಶಿನ, ಗರಂ ಮಸಾಲೆ ಎಲ್ಲ ಸೇರಿ 17 ಗ್ರಾಂ, ಉಪ್ಪು, ಮತ್ತು 400 ಮಿಲಿಲೀಟರ್ ನೀರು. ನೂರು ಗ್ರಾಂ ಈರುಳ್ಳಿಗೆ ಸುಮಾರು 40 ಕ್ಯಾಲೊರಿ, ಟೊಮೆಟೊಗೆ ಕೇವಲ 18. ಹಾಗಾದರೆ ಪಾತ್ರೆಯ ಬಹುಪಾಲನ್ನು ತುಂಬುವ ಈರುಳ್ಳಿ ಮತ್ತು ಟೊಮೆಟೊ ಎರಡೂ ಸೇರಿ ಕೊಡುವುದು 174 ಕ್ಯಾಲೊರಿ ಮಾತ್ರ. ಶುಂಠಿ ಬೆಳ್ಳುಳ್ಳಿಯಿಂದ ಇಪ್ಪತ್ತಮೂರು ಬಂತು. ಮಸಾಲೆ ಪುಡಿಗಳು ಒಣ ಪದಾರ್ಥಗಳಾದ್ದರಿಂದ ಪ್ರತಿ ಗ್ರಾಂಗೆ ಸುಮಾರು ಮೂರರಂತೆ ಐವತ್ತು ಕ್ಯಾಲೊರಿ ಕೊಡುತ್ತವೆ. ಪುಡಿಗಳಿಗೆ ಏನೂ ಇಲ್ಲವೆಂದು ಬಿಟ್ಟುಬಿಡುವವರು ಇಲ್ಲಿ ಒಂದು ಟೊಮೆಟೊ ರಾಶಿಯಷ್ಟನ್ನೇ ಬಿಟ್ಟಿರುತ್ತಾರೆ ಎಂಬುದನ್ನು ಗಮನಿಸಿ. ಉಪ್ಪು ಮತ್ತು ನೀರಿನದು ಸೊನ್ನೆ.

ಉಳಿದದ್ದು ಎಣ್ಣೆ. ದೊಡ್ಡ ಅಳತೆಯ ಚಮಚ ಎಂದರೆ ಹದಿನೈದು ಮಿಲಿಲೀಟರ್, ಮೂರು ಚಮಚಕ್ಕೆ ನಲವತ್ತೈದು. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಅದು ತೂಗುವುದು ಸುಮಾರು 41 ಗ್ರಾಂ. ಪ್ರತಿ ಗ್ರಾಂ ಕೊಬ್ಬಿಗೆ ಒಂಬತ್ತು ಕ್ಯಾಲೊರಿಯಂತೆ 369 ಆಯಿತು. ಯಾವ ಅಡುಗೆ ಎಣ್ಣೆಯಾದರೂ ಈ ಲೆಕ್ಕ ಹೆಚ್ಚು ಕಡಿಮೆ ಇದೇ. ಹೃದಯಕ್ಕೆ ಒಳ್ಳೆಯದು ಎಂದು ಮಾರಾಟವಾಗುವ ಎಣ್ಣೆಯಲ್ಲಿ ಕ್ಯಾಲೊರಿ ಕಡಿಮೆ ಎಂಬ ನಂಬಿಕೆಗೆ ಆಧಾರವಿಲ್ಲ. ಎಲ್ಲವನ್ನೂ ಕೂಡಿದರೆ ಗ್ರೇವಿಯ ಮೊತ್ತ 616 ಆಗುತ್ತದೆ, ನಾವು 615 ಎಂದಿಟ್ಟುಕೊಳ್ಳೋಣ. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಒಂದೇ ಪದಾರ್ಥದಿಂದ, ಅಂದರೆ ತೂಕದಲ್ಲಿ ಎಲ್ಲಿಯೂ ಲೆಕ್ಕಕ್ಕಿಲ್ಲದ ಆ ನಲವತ್ತೊಂದು ಗ್ರಾಂ ಎಣ್ಣೆಯಿಂದ ಬಂದಿದೆ.

ಇಲ್ಲಿಯೇ ಎರಡು ತಪ್ಪುಗಳು ನುಸುಳುತ್ತವೆ. ಮೊದಲನೆಯದು, ಈರುಳ್ಳಿಯನ್ನು ಹುರಿದ ಮೇಲೆ ತೂಗಿ, ಹಸಿ ಈರುಳ್ಳಿಯ ಅಂಕಿಯಿಂದ ಗುಣಿಸುವುದು. ಕಂದು ಬಣ್ಣಕ್ಕೆ ತಿರುಗುವಷ್ಟರಲ್ಲಿ ಈರುಳ್ಳಿ ತನ್ನ ನೀರನ್ನು ಬಹುಮಟ್ಟಿಗೆ ಕಳೆದುಕೊಂಡು ಕುಗ್ಗುತ್ತದೆ, ಆದರೆ ಅದರ ಸಕ್ಕರೆ ಪಾತ್ರೆಯಲ್ಲಿಯೇ ಉಳಿದಿರುತ್ತದೆ. ಹಾಗಾಗಿ ತೂಕ ಅರ್ಧವಾಯಿತೆಂದು ಕ್ಯಾಲೊರಿಯನ್ನೂ ಅರ್ಧ ಬರೆದರೆ ಲೆಕ್ಕ ತಪ್ಪುತ್ತದೆ. ಹೆಚ್ಚುವಾಗಲೇ ತೂಗಿ ಬರೆದುಕೊಳ್ಳುವುದು ಇದಕ್ಕೆ ಪರಿಹಾರ. ಎರಡನೆಯದು ಹೆಚ್ಚು ದುಬಾರಿಯ ತಪ್ಪು, ಅದು ಚಮಚದ್ದು. ಊಟ ಬಡಿಸುವ ಚಮಚವನ್ನು ಅಳತೆಯ ಚಮಚವೆಂದು ತಿಳಿಯುವುದು, ಬಾಣಲೆಗೆ ಸೀಸೆಯಿಂದ ಒಂದು ಸುತ್ತು ಸುರಿದು ಎರಡು ಚಮಚ ಎಂದು ಬರೆಯುವುದು, ಈರುಳ್ಳಿ ತಳ ಹಿಡಿಯಿತೆಂದು ನಡುವೆ ಇನ್ನಷ್ಟು ಹಾಕಿ ಅದನ್ನು ಮರೆಯುವುದು, ಇವೆಲ್ಲ ಒಂದೇ ಜಾತಿಯ ತಪ್ಪುಗಳು. ಎಣ್ಣೆಯನ್ನು ಚಮಚದಿಂದ ಅಳೆಯುವ ಗೋಜಿಗೇ ಹೋಗಬೇಡಿ. ಅಡುಗೆ ಶುರುಮಾಡುವ ಮೊದಲು ಎಣ್ಣೆಯ ಪಾತ್ರೆಯನ್ನೇ ತೂಗಿ, ಒಲೆ ಆರಿಸಿದ ಮೇಲೆ ಮತ್ತೆ ತೂಗಿ, ವ್ಯತ್ಯಾಸವನ್ನು ಒಂಬತ್ತರಿಂದ ಗುಣಿಸಿ. ಬೆಂದ ಮೊಟ್ಟೆಗಳನ್ನು ಗ್ರೇವಿಗೆ ಹಾಕುವ ಮೊದಲು ಎಣ್ಣೆಯಲ್ಲಿ ಹೊಂಬಣ್ಣ ಬರುವಂತೆ ಹೊರಳಿಸುವ ರೂಢಿಯಿದ್ದರೆ ಆ ಎಣ್ಣೆಯೂ ಈ ವ್ಯತ್ಯಾಸದಲ್ಲಿಯೇ ಸೇರಿಬಿಡುತ್ತದೆ, ಅದಕ್ಕೆ ಬೇರೆ ಲೆಕ್ಕ ಬೇಡ.

ಆರುನೂರ ಹದಿನೈದು ಎಂಬುದು ಪಾತ್ರೆಯ ಲೆಕ್ಕ. ನಮಗೆ ಬೇಕಾದದ್ದು ಸೌಟಿನ ಲೆಕ್ಕ. ಅದಕ್ಕೆ ಬೇಕಾಗುವ ಕೆಲಸ ಸಣ್ಣದು, ಆದರೆ ಬಹುತೇಕ ಯಾರೂ ಮಾಡುವುದಿಲ್ಲ. ಅಡುಗೆಗೆ ಮೊದಲು ಖಾಲಿ ಪಾತ್ರೆಯನ್ನು ತೂಗಿ ಆ ಅಂಕಿಯನ್ನು ಎಲ್ಲಾದರೂ ಬರೆದಿಡಿ. ಗ್ರೇವಿ ಸಿದ್ಧವಾದ ಮೇಲೆ, ಮೊಟ್ಟೆಗಳನ್ನು ಹಾಕುವುದಕ್ಕೆ ಮುಂಚೆ, ಅದೇ ಪಾತ್ರೆಯನ್ನು ಮತ್ತೆ ತೂಗಿ. ಮೊಟ್ಟೆ ಹಾಕಿದ ಮೇಲೆ ತೂಗಿದರೆ ಆರು ಮೊಟ್ಟೆಗಳ ಮುನ್ನೂರು ಗ್ರಾಂ ಕೂಡ ಗ್ರೇವಿಯೆಂದೇ ಲೆಕ್ಕಕ್ಕೆ ಬಂದು, ಸೌಟಿನ ಅಂಕಿ ಸುಳ್ಳಾಗಿ ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಎಲ್ಲ ಸೇರಿ ಸುಮಾರು ಒಂದು ಕಿಲೋ ಎಂಬತ್ತು ಗ್ರಾಂ ಪದಾರ್ಥ ಪಾತ್ರೆಗೆ ಹೋಗಿತ್ತು. ಹುರಿಯುವಾಗ ಮತ್ತು ಕುದಿಯುವಾಗ ಮುನ್ನೂರು ಗ್ರಾಂನಷ್ಟು ನೀರು ಆವಿಯಾಗಿ ಕೊನೆಗೆ 780 ಗ್ರಾಂ ಗ್ರೇವಿ ಉಳಿಯಿತು ಎಂದುಕೊಳ್ಳಿ. ಈಗ ನೀವು ಬಡಿಸುವ ಸೌಟನ್ನೇ ತೆಗೆದುಕೊಂಡು, ಅದರ ಅಂಚಿನವರೆಗೆ ಗ್ರೇವಿ ತುಂಬಿ ಒಂದು ಬಟ್ಟಲಿಗೆ ಸುರಿದು ತೂಗಿ. ಸೌಟುಗಳ ಗಾತ್ರ ಒಂದರಂತೆ ಇನ್ನೊಂದು ಇರುವುದಿಲ್ಲ. ನಮ್ಮ ಸೌಟು 65 ಗ್ರಾಂ ಹಿಡಿಯುತ್ತದೆ ಎಂದರೆ ಪಾತ್ರೆಯಲ್ಲಿರುವುದು ಹನ್ನೆರಡು ಸೌಟು. 615 ಅನ್ನು ಹನ್ನೆರಡರಿಂದ ಭಾಗಿಸಿದರೆ ಸೌಟಿಗೆ 51 ಕ್ಯಾಲೊರಿ. ಅದರಲ್ಲಿ ಮೂವತ್ತೊಂದು ಎಣ್ಣೆಯದು, ಇಪ್ಪತ್ತು ಉಳಿದೆಲ್ಲದ್ದು.

ತೂಕದ ಯಂತ್ರ ಇಲ್ಲದವರಿಗೂ ದಾರಿ ಇದೆ. ಗ್ರೇವಿಯನ್ನು ಅದೇ ಸೌಟಿನಿಂದ ಎಣಿಸುತ್ತ ಇನ್ನೊಂದು ಪಾತ್ರೆಗೆ ಒಮ್ಮೆ ವರ್ಗಾಯಿಸಿದರೆ ಸೌಟುಗಳ ಸಂಖ್ಯೆ ನೇರವಾಗಿ ಸಿಗುತ್ತದೆ. ಇದು ಒರಟು ವಿಧಾನವೆಂದು ತಿರಸ್ಕರಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ, ಪಾತ್ರೆಯನ್ನು ನೋಡಿ ಕಣ್ಣಂದಾಜು ಹೇಳುವುದಕ್ಕಿಂತ ಇದು ಎಷ್ಟೋ ಮೇಲು.

ನೀರಿನ ವಿಷಯದಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಬರುತ್ತದೆ. ತೆಳುವಾಗಿ ಮಾಡಿದರೆ ಕ್ಯಾಲೊರಿ ಕಡಿಮೆಯಾಗುತ್ತದಲ್ಲವೇ ಎಂದು ಕೇಳುತ್ತಾರೆ. ಸೌಟಿನಲ್ಲಿ ಕಡಿಮೆಯಾಗುತ್ತದೆ, ಪಾತ್ರೆಯಲ್ಲಿ ಆಗುವುದಿಲ್ಲ. ಅದೇ ಗ್ರೇವಿಯನ್ನು ಚೆನ್ನಾಗಿ ಇಂಗಿಸಿ 520 ಗ್ರಾಂಗೆ ತಂದರೆ ಎಂಟೇ ಸೌಟು ಉಳಿದು, ಒಂದೊಂದಕ್ಕೂ 77 ಕ್ಯಾಲೊರಿ ಬೀಳುತ್ತದೆ. ನೀರು ಬೆರೆಸಿ 1,040 ಗ್ರಾಂ ಮಾಡಿದರೆ ಹದಿನಾರು ಸೌಟಾಗಿ, ಒಂದೊಂದಕ್ಕೆ 38 ಬರುತ್ತದೆ. ಒಂದೇ ಈರುಳ್ಳಿ, ಒಂದೇ ಎಣ್ಣೆ, ಒಂದೇ ಸೌಟು, ಆದರೆ ಅಂಕಿ ದುಪ್ಪಟ್ಟು. ಬೇರೆಯವರು ಬರೆದ ಸೌಟಿನ ಲೆಕ್ಕವನ್ನು ನಮ್ಮ ಅಡುಗೆಗೆ ಹಚ್ಚಲು ಬರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಗ್ರೇವಿ ಮಂದವಾಗಲೆಂದು ಗೋಡಂಬಿಯನ್ನೋ ತೆಂಗಿನಕಾಯಿಯನ್ನೋ ಅರೆದು ಹಾಕುವವರಿಗೆ ಮಾತ್ರ ಮೊತ್ತವೇ ಬದಲಾಗುತ್ತದೆ. ಇಪ್ಪತ್ತು ಗ್ರಾಂ ಗೋಡಂಬಿ ನೂರಹತ್ತು ಕ್ಯಾಲೊರಿ ತರುತ್ತದೆ, ಅಂದರೆ ನಮ್ಮ ಹನ್ನೆರಡು ಸೌಟಿನಲ್ಲಿ ಒಂದೊಂದಕ್ಕೆ ಒಂಬತ್ತು ಹೆಚ್ಚು.

ಈವರೆಗಿನ ಲೆಕ್ಕವೆಲ್ಲ ಒಂದು ಊಹೆಯ ಮೇಲೆ ನಿಂತಿದೆ, ಅದೇನೆಂದರೆ ಎಲ್ಲ ಸೌಟುಗಳಲ್ಲಿಯೂ ಒಂದೇ ಬಗೆಯ ಗ್ರೇವಿ ಬರುತ್ತದೆ ಎಂಬುದು. ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಬಾಡಿಸಿ ಎಂದು ಅಡುಗೆ ಹೇಳಿಕೊಡುವವರು ಹೇಳುವುದನ್ನು ನೀವು ಕೇಳಿದ್ದೀರಿ. ಆ ಹಂತದಲ್ಲಿ ಈರುಳ್ಳಿ ಟೊಮೆಟೊಗಳ ನೀರು ಆರಿ, ಅವುಗಳ ನಡುವೆ ಸಿಕ್ಕಿಕೊಂಡಿದ್ದ ಎಣ್ಣೆ ಅಂಚಿಗೆ ಬಂದು ನಿಲ್ಲುತ್ತದೆ. ಆಮೇಲೆ ನೀರು ಹಾಕಿ ಕುದಿಸಿ ಒಲೆ ಆರಿಸಿದರೆ, ಖಾರದ ಪುಡಿಯ ಬಣ್ಣವನ್ನು ಹೀರಿದ ಆ ಎಣ್ಣೆ ಮೇಲೆ ಕೆಂಪಗೆ ತೇಲುತ್ತದೆ. ಸೌಟನ್ನು ಮೇಲಿಂದ ಓರೆಯಾಗಿ ಇಳಿಸಿ ತುಂಬಿಕೊಂಡವರ ತಟ್ಟೆಗೆ ಈ ಪದರವೇ ಹೆಚ್ಚಾಗಿ ಹೋಗುತ್ತದೆ. ಸರಾಸರಿ ಸೌಟಿನಲ್ಲಿ ಮೂರೂವರೆ ಗ್ರಾಂನಷ್ಟು ಎಣ್ಣೆ ಇರಬೇಕಾದ ಕಡೆ ಎಂಟು ಗ್ರಾಂ ಬಂದಿತೆನ್ನಿ, ಆ ಸೌಟು ಐವತ್ತೊಂದರ ಬದಲು ತೊಂಬತ್ತರ ಹತ್ತಿರ ಹೋಗುತ್ತದೆ. ತಳದಿಂದ ಎತ್ತಿದ ಸೌಟಿನಲ್ಲಿ ಒಂದೂವರೆ ಗ್ರಾಂ ಮಾತ್ರ ಇದ್ದರೆ ಅದು ಮೂವತ್ತನಾಲ್ಕಕ್ಕೆ ಇಳಿಯುತ್ತದೆ. ಒಂದೇ ಪಂಕ್ತಿಯಲ್ಲಿ ಕೂತ ಇಬ್ಬರು, ಇಬ್ಬರಿಗೂ ಎರಡೆರಡು ಸೌಟು, ಆದರೂ ನೂರಕ್ಕಿಂತ ಹೆಚ್ಚು ಕ್ಯಾಲೊರಿಯ ಅಂತರ. ಪ್ರತಿ ಸಲ ಬಡಿಸುವ ಮೊದಲು ತಳದಿಂದ ಮೇಲಕ್ಕೆ ಕೈಯಾಡಿಸಿ, ಪದರ ಮತ್ತೆ ಕಟ್ಟುವುದರೊಳಗೆ ಸೌಟು ತುಂಬಿದರೆ ಮಾತ್ರ ಸರಾಸರಿಯ ಅಂಕಿಗೆ ಬೆಲೆ ಇರುತ್ತದೆ. ನಿಮ್ಮ ತಟ್ಟೆಯಲ್ಲಿ ಗ್ರೇವಿಯ ಸುತ್ತ ಕೆಂಪು ಎಣ್ಣೆಯ ಅಂಚು ಅಗಲವಾಗಿ ಹರಿದು ನಿಂತಿದ್ದರೆ ನಿಮಗೆ ಮೇಲಿನ ಪಾಲು ಬಂದಿದೆ ಎಂದೇ ಅರ್ಥ.

ಆ ಎಣ್ಣೆಯನ್ನು ತೆಗೆದುಬಿಟ್ಟರೆ ಎಷ್ಟು ಉಳಿಯುತ್ತದೆ ಎಂದು ಕೇಳುವವರಿದ್ದಾರೆ. ತೆಗೆದದ್ದನ್ನು ಕಿರಿದಾದ ಗಾಜಿನ ಲೋಟಕ್ಕೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಕೆಳಗೆ ನೀರು ಮತ್ತು ಮಸಾಲೆ, ಮೇಲೆ ಎಣ್ಣೆ ಎಂದು ಬೇರೆಯಾಗುತ್ತದೆ. ಮೇಲಿನದನ್ನು ಮಾತ್ರ ತೂಗಿ ಒಂಬತ್ತರಿಂದ ಗುಣಿಸಿ, ಬಂದದ್ದನ್ನು ಮೊತ್ತದಿಂದ ಕಳೆಯಿರಿ. ತೆಗೆದ ಚಮಚವೆಲ್ಲ ಶುದ್ಧ ಎಣ್ಣೆಯೆಂದು ಭಾವಿಸಿ ಚಮಚಕ್ಕೆ ನೂರಿಪ್ಪತ್ತರಂತೆ ಕಳೆಯುವವರು ತಮಗೆ ತಾವೇ ಹೆಚ್ಚಿನ ರಿಯಾಯಿತಿ ಕೊಟ್ಟುಕೊಳ್ಳುತ್ತಾರೆ.

ಈಗ ತಟ್ಟೆಯನ್ನು ಕಟ್ಟೋಣ. ಎರಡು ಮೊಟ್ಟೆ, ಎರಡು ಸೌಟು ಗ್ರೇವಿ ಹಾಕಿಕೊಂಡವರಿಗೆ ಮೊಟ್ಟೆಯಿಂದ 150, ಗ್ರೇವಿಯಿಂದ 102, ಒಟ್ಟು 252. ಒಂದು ಮೊಟ್ಟೆ, ಒಂದು ಸೌಟಾದರೆ 126. ಒಂದೇ ಮೊಟ್ಟೆಗೆ ಮೂರು ಸೌಟು ಗ್ರೇವಿ ಹಾಕಿಕೊಂಡು ಕಲಸಿ ಉಣ್ಣುವವರಿಗೆ 228, ಮತ್ತು ಅವರ ತಟ್ಟೆಯಲ್ಲಿ ಮೊಟ್ಟೆಗಿಂತ ಗ್ರೇವಿಯದೇ ಎರಡು ಪಾಲು. ಇದನ್ನು ಇನ್ನೊಂದು ರೀತಿಯಲ್ಲಿಯೂ ಲೆಕ್ಕ ಹಾಕುತ್ತಾರೆ. ಆರು ಮೊಟ್ಟೆಯ 450 ಮತ್ತು ಗ್ರೇವಿಯ 615 ಕೂಡಿಸಿ, 1,065 ಅನ್ನು ಆರರಿಂದ ಭಾಗಿಸಿ, ಮೊಟ್ಟೆಯೊಂದಕ್ಕೆ ಸುಮಾರು 178 ಎಂದು ಬರೆಯುತ್ತಾರೆ. ಪ್ರತಿಯೊಬ್ಬರೂ ಮೊಟ್ಟೆಯೊಂದಕ್ಕೆ ಸರಿಯಾಗಿ ಎರಡು ಸೌಟು ಹಾಕಿಕೊಂಡು ಪಾತ್ರೆ ಖಾಲಿ ಮಾಡಿದರೆ ಈ ಅಂಕಿ ನಿಜ. ಹಾಗೆ ಉಣ್ಣುವವರು ಎಲ್ಲಿದ್ದಾರೆ? ಮೊಟ್ಟೆಯನ್ನು ಗ್ರೇವಿಯಿಂದ ಎತ್ತಿ ಬರಿದಾಗಿ ತಿನ್ನುವವರಿಗೆ ಈ ಲೆಕ್ಕ ನೂರು ಹೆಚ್ಚು ತೋರಿಸುತ್ತದೆ, ಗ್ರೇವಿಪ್ರಿಯರಿಗೆ ಐವತ್ತು ಕಡಿಮೆ ತೋರಿಸುತ್ತದೆ. ಬರಿದಾಗಿ ಎತ್ತಿದ ಮೊಟ್ಟೆಗೆ ಅಂಟಿ ಬರುವ ಗ್ರೇವಿ ಬಹಳವೆಂದರೆ ಒಂದು ಸಣ್ಣ ಚಮಚದಷ್ಟು, ಅದನ್ನು ಬಿಟ್ಟರೂ ನಡೆಯುತ್ತದೆ.

ಇದೇ ಅಂಕಿಗಳಿಂದ ಎಲ್ಲಿಯೋ ಓದಿದ ಲೆಕ್ಕವನ್ನೂ ಪರೀಕ್ಷಿಸಬಹುದು. ಎರಡು ಮೊಟ್ಟೆಯಿರುವ ಒಂದು ಬಟ್ಟಲು ಕರಿಗೆ 160 ಕ್ಯಾಲೊರಿ ಎಂದು ಯಾವುದಾದರೂ ಪಟ್ಟಿ ಹೇಳಿದರೆ, ಮೊಟ್ಟೆಗಳೇ ನೂರೈವತ್ತನ್ನು ತೆಗೆದುಕೊಳ್ಳುತ್ತವೆ, ಉಳಿದ ಹತ್ತರಲ್ಲಿ ಬಟ್ಟಲು ತುಂಬುವ ಗ್ರೇವಿ ಬರಲಾರದು. ಅಲ್ಲಿ ಎಣ್ಣೆಯನ್ನು ಬಿಟ್ಟಿದ್ದಾರೆ, ಇಲ್ಲವೇ ಒಂದೇ ಮೊಟ್ಟೆಯನ್ನು ಲೆಕ್ಕ ಹಿಡಿದಿದ್ದಾರೆ.

ಮೊಟ್ಟೆ ಒಡೆಯುವ ಮಾತನ್ನು ಆಗ ಬಾಕಿ ಉಳಿಸಿದ್ದೆ. ಮಸಾಲೆ ಒಳಗಿಳಿಯಲೆಂದು ಬೆಂದ ಮೊಟ್ಟೆಗೆ ಚಾಕುವಿನಿಂದ ಗೀರು ಹಾಕುವುದುಂಟು. ಗೀರು ಆಳವಾಗಿ, ಗ್ರೇವಿ ಜೋರಾಗಿ ಕುದಿದರೆ ಬಿಳಿ ಭಾಗ ಸೀಳಿ ಹಳದಿ ಹೊರಬಿದ್ದು ಕರಗಿಹೋಗುತ್ತದೆ. ಗ್ರೇವಿ ಮಂದವಾಗಿ ರುಚಿಯೂ ಏರುತ್ತದೆ, ಆದರೆ ಲೆಕ್ಕದಲ್ಲಿ ಐವತ್ತೇಳರಷ್ಟು ಕ್ಯಾಲೊರಿ ಮೊಟ್ಟೆಯಿಂದ ಸೌಟಿಗೆ ವರ್ಗವಾಗಿರುತ್ತದೆ. ಒಂದು ಹಳದಿ ಪೂರ್ತಿ ಕರಗಿದರೆ ಹನ್ನೆರಡು ಸೌಟುಗಳಲ್ಲಿ ಪ್ರತಿಯೊಂದಕ್ಕೂ ಐದರಷ್ಟು ಏರಿಕೆ. ಹಳದಿಯನ್ನು ತಟ್ಟೆಯ ಬದಿಗೆ ಸರಿಸಿ ಬಿಳಿ ಭಾಗ ಮಾತ್ರ ತಿನ್ನುವವರು ಇದನ್ನು ನೆನಪಿಡಬೇಕು, ಅವರು ಬಿಟ್ಟೆನೆಂದುಕೊಂಡದ್ದರಲ್ಲಿ ಒಂದು ಪಾಲು ಗ್ರೇವಿಯ ಮೂಲಕ ಬಂದೇ ಇರುತ್ತದೆ.

ಇಷ್ಟೆಲ್ಲ ತೂಗಬೇಕೇ ಎಂದು ಹಲವರಿಗೆ ಅನಿಸಿರಬಹುದು. ಎಲ್ಲವನ್ನೂ ಒಂದೇ ಎಚ್ಚರದಿಂದ ತೂಗಬೇಕಾಗಿಲ್ಲ. ಟೊಮೆಟೊ ನೂರು ಗ್ರಾಂ ಹೆಚ್ಚಾಗಿ ಬಿದ್ದರೂ ಸೌಟಿಗೆ ಒಂದೂವರೆ ಕ್ಯಾಲೊರಿಯಷ್ಟೇ ವ್ಯತ್ಯಾಸ. ಈರುಳ್ಳಿ ಒಂದು ಸಣ್ಣ ಗಡ್ಡೆಯಷ್ಟು ತಪ್ಪಿದರೆ ಎರಡೂ ಆಗುವುದಿಲ್ಲ. ಎಣ್ಣೆ ಒಂದು ದೊಡ್ಡ ಚಮಚದಷ್ಟು ತಪ್ಪಿದರೆ ಮಾತ್ರ ಸೌಟಿಗೆ ಹತ್ತು ತಪ್ಪುತ್ತದೆ, ಅಂದರೆ ಐದರಲ್ಲಿ ಒಂದು ಪಾಲು. ಸಿದ್ಧವಾದ ಗ್ರೇವಿಯ ತೂಕದಲ್ಲಿ ನೂರೈವತ್ತು ಗ್ರಾಂ ಅಂದಾಜು ತಪ್ಪಿದರೂ ಪರಿಣಾಮ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಎರಡೇ ತೂಕಗಳಿಗೆ ನಿಮ್ಮ ಎಚ್ಚರವನ್ನು ಮೀಸಲಿಡಿ: ಖರ್ಚಾದ ಎಣ್ಣೆ, ಉಳಿದ ಗ್ರೇವಿ. ತರಕಾರಿಯನ್ನು ಅಂದಾಜಿಗೆ ಬಿಡಿ.

ಮರುದಿನದ ವಿಷಯವನ್ನೂ ಹೇಳಬೇಕು, ಏಕೆಂದರೆ ಮೊದಲ ದಿನ ಸರಿಯಾಗಿ ಲೆಕ್ಕ ಹಾಕಿದವರೂ ಇಲ್ಲಿ ಜಾರುತ್ತಾರೆ. ರಾತ್ರಿ ನಾಲ್ಕು ಮೊಟ್ಟೆ, ಏಳು ಸೌಟು ಖರ್ಚಾಯಿತು. ಉಳಿದದ್ದು ಎರಡು ಮೊಟ್ಟೆ, ಐದು ಸೌಟು, ಅಂದರೆ 325 ಗ್ರಾಂ ಗ್ರೇವಿ ಮತ್ತು ಅದರಲ್ಲಿ 256 ಕ್ಯಾಲೊರಿ. ಫ್ರಿಜ್‌ನಲ್ಲಿ ಅದು ಗಟ್ಟಿಯಾಗಿರುತ್ತದೆ, ಬೆಳಿಗ್ಗೆ ನೀರು ಬೆರೆಸಿ ಬಿಸಿ ಮಾಡುತ್ತೀರಿ. ಬಿಸಿಯಾದ ಮೇಲೆ ಮೊಟ್ಟೆಗಳನ್ನು ಎತ್ತಿಟ್ಟು ತೂಗಿದಾಗ ಗ್ರೇವಿ 455 ಗ್ರಾಂ ಇದ್ದರೆ ಈಗ ಏಳು ಸೌಟು, ಒಂದೊಂದಕ್ಕೆ 37. ಹಿಂದಿನ ರಾತ್ರಿಯ ಐವತ್ತೊಂದನ್ನೇ ಮುಂದುವರಿಸಿ ಏಳು ಸೌಟಿಗೆ ಬರೆದರೆ, ಪಾತ್ರೆಯಲ್ಲಿ ಇಲ್ಲದ ನೂರು ಕ್ಯಾಲೊರಿಯನ್ನು ಉಂಡಂತೆ ಬರೆದಿರುತ್ತೀರಿ. ಬದಲಿಗೆ ನೀರು ಹಾಕದೆ ಬಿಸಿ ಮಾಡಿ ಇನ್ನಷ್ಟು ಇಂಗಿಸಿದವರಿಗೆ ತಪ್ಪು ಎದುರು ದಿಕ್ಕಿಗೆ ಹೋಗುತ್ತದೆ. ಉಳಿದದ್ದನ್ನು ಡಬ್ಬಿಗೆ ಹಾಕುವಾಗ, ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿ ಸೌಟಿನ ಅಂಕಿಯ ಬದಲು ಉಳಿದ ಒಟ್ಟು ಕ್ಯಾಲೊರಿಯನ್ನು ಬರೆಯಿರಿ: "ಗ್ರೇವಿ 256, ಮೊಟ್ಟೆ ಎರಡು". ಬೆಳಿಗ್ಗೆ ಯಾರು ಎಷ್ಟು ನೀರು ಬೆರೆಸಿದರೂ ಆ ಎರಡು ಅಂಕಿಗಳು ಬದಲಾಗುವುದಿಲ್ಲ, ಭಾಗಿಸುವ ಕೆಲಸವನ್ನು ಬಡಿಸುವವರು ಮಾಡಿಕೊಳ್ಳುತ್ತಾರೆ.